ಕಾರ್ಖಾನೆಯ ಉದ್ಘಾಟನೆ ಮತ್ತು ಕ್ರಿಯಾಪದದ ಹೊಣೆ: ಕನ್ನಡ ಪತ್ರಿಕಾ ಪ್ರಕಟಣೆಯ ಒಂದು ವಿಮರ್ಶೆ

ಸಾರಾಂಶ

ಹೊಸ ಕಾರ್ಖಾನೆಯ ಆರಂಭವನ್ನು ಸ್ಥಳೀಯ ವಾಣಿಜ್ಯ ಪತ್ರಿಕೆಗಳಿಗೆ ತಿಳಿಸುವ ಕನ್ನಡ ಪ್ರಕಟಣೆಯ ವಾಕ್ಯರಚನೆಯನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಪತ್ರಿಕಾ ಪ್ರಕಟಣೆಯನ್ನು ಕುರಿತ ಈವರೆಗಿನ ಸಿದ್ಧಾಂತವು ಪ್ರಕಟಣೆಯು ತನ್ನನ್ನು ತಾನು ಹೇಗೆ ಹೆಸರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಹೆಚ್ಚು ಒತ್ತು ಕೊಟ್ಟಿದೆ. ಕನ್ನಡದಲ್ಲಿ ನಿರ್ಣಾಯಕವಾದ ಸ್ಥಾನ ನಾಮಪದವಲ್ಲ, ವಾಕ್ಯದ ಕೊನೆಯ ಕ್ರಿಯಾಪದ ಎಂಬುದು ನಮ್ಮ ವಾದ. ಉದ್ಯೋಗದ ಭರವಸೆಯನ್ನು ಹೊತ್ತ ವಾಕ್ಯದಲ್ಲಿ ಯಾರು ಹೊಣೆ ಹೊರುತ್ತಾರೆ, ಯಾರೂ ಹೊರುವುದಿಲ್ಲ ಎಂಬುದನ್ನು ಅಲ್ಲಿಯೇ ಗುರುತಿಸಬಹುದು.

ಪ್ರಮುಖ ಪದಗಳು: ಪತ್ರಿಕಾ ಪ್ರಕಟಣೆ, ಪೂರ್ವರೂಪಣೆ, ಅನುಕರಣಾರ್ಥಕ ರಚನೆ, ಕರ್ತೃಲೋಪ, ಭವಿಷ್ಯತ್ ರೂಪಗಳು

1. ಪೀಠಿಕೆ

ಪತ್ರಿಕಾ ಪ್ರಕಟಣೆಯು ಒಬ್ಬರು ಬರೆದು ಮತ್ತೊಬ್ಬರ ಮಾತಾಗಲೆಂದು ಬಿಟ್ಟುಕೊಡುವ ಪಠ್ಯ. ಅದನ್ನು ಬರೆಯುವ ಕಂಪನಿಗೆ ಪತ್ರಕರ್ತನು ಅಂತಿಮ ಓದುಗನಲ್ಲ. ಪತ್ರಕರ್ತನ ಕೈಯಿಂದ ಆದಷ್ಟು ಕಡಿಮೆ ತಿದ್ದುಪಡಿಯೊಂದಿಗೆ ಅದು ಸುದ್ದಿಯಾಗಿ ಹೊರಬರಬೇಕೆಂಬುದೇ ಉದ್ದೇಶ. ಗೀರ್ಟ್ ಜೇಕಬ್ಸ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪೂರ್ವರೂಪಣೆ ಎಂಬ ಪರಿಕಲ್ಪನೆಯಿಂದ ವಿವರಿಸಿದ್ದಾರೆ: ಸುದ್ದಿಯ ರೂಪವನ್ನು ಸುದ್ದಿಗಾರನಿಗಿಂತ ಮೊದಲೇ ಸಿದ್ಧಪಡಿಸಿಡುವ ಕ್ರಮ. ಇದಕ್ಕೆ ಅವರು ಮುಖ್ಯವಾಗಿ ಮೂರು ಲಕ್ಷಣಗಳನ್ನು ಗುರುತಿಸುತ್ತಾರೆ. ಕಂಪನಿಯು ತನ್ನನ್ನು ‘ನಾವು’ ಎನ್ನದೆ ಹೆಸರಿನಿಂದ ಕರೆದುಕೊಳ್ಳುತ್ತದೆ. ತನ್ನದೇ ಅಧಿಕಾರಿಯ ಮಾತನ್ನು ಬೇರೊಬ್ಬರ ಮಾತೆಂಬಂತೆ ಉದ್ಧರಿಸುತ್ತದೆ. ‘ಪ್ರಕಟಿಸಿದೆ’ ಎಂಬಂತಹ ಕ್ರಿಯಾಪದದಿಂದ ತಾನು ಮಾಡುತ್ತಿರುವ ಕಾರ್ಯವನ್ನೇ ಹೊರಗಿನಿಂದ ನೋಡಿದಂತೆ ವರ್ಣಿಸುತ್ತದೆ.

ಈ ವಿವರಣೆಯನ್ನು ನಾವು ಒಪ್ಪುತ್ತೇವೆ. ಆದರೆ ಕನ್ನಡದ ಪ್ರಕಟಣೆಗಳಿಗೆ ಇದನ್ನು ಹಾಗೆಯೇ ಅನ್ವಯಿಸಿದರೆ ಮುಖ್ಯವಾದುದೇ ಕೈತಪ್ಪುತ್ತದೆ. ಇಂಗ್ಲಿಷಿನಲ್ಲಿ ‘ನಾವು’ ಎಂಬುದರ ಬದಲು ಕಂಪನಿಯ ಹೆಸರನ್ನಿಟ್ಟರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಪುರುಷ, ವಚನ, ಲಿಂಗಗಳನ್ನು ಹೊರುತ್ತದೆ. ಕರ್ತೃಪದ ಇಲ್ಲದಿದ್ದರೂ ಯಾರ ಮಾತೆಂಬುದು ಪ್ರತ್ಯಯದಿಂದ ತಿಳಿದುಬಿಡುತ್ತದೆ. ಆದುದರಿಂದ ಹೊಣೆಯನ್ನು ಮರೆಮಾಡಬೇಕಾದ ಬರಹಗಾರನು ಇಲ್ಲಿ ಕ್ರಿಯಾಪದದೊಡನೆಯೇ ವ್ಯವಹರಿಸಬೇಕಾಗುತ್ತದೆ. ಆ ವ್ಯವಹಾರದ ಗುರುತುಗಳು ಪಠ್ಯದಲ್ಲಿ ಉಳಿಯುತ್ತವೆ.

ಕಾರ್ಖಾನೆ ಆರಂಭದ ಪ್ರಕಟಣೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಹೂಡಿಕೆಯ ಘೋಷಣೆಯಲ್ಲಿ ಎಲ್ಲವೂ ಭವಿಷ್ಯಕ್ಕೆ ಸೇರಿದ್ದು. ಅಲ್ಲಿ ಭವಿಷ್ಯತ್ ರೂಪ ಸಹಜ. ಆರಂಭದ ದಿನ ಹಾಗಲ್ಲ. ಕಟ್ಟಡ ಎದ್ದು ನಿಂತಿದೆ, ಯಂತ್ರಗಳು ಬಂದಿವೆ, ಒಳಗೆ ಕೆಲಸ ಮಾಡುವ ಜನರನ್ನು ಎಣಿಸಬಹುದು. ಘೋಷಣೆಯ ‘ಆಗಲಿದೆ’ ಎಂಬುದು ಅಂದು ‘ಆಗಿದೆ’ ಎಂದು ಬದಲಾಗಬೇಕು. ಯಾವ ವಾಕ್ಯದಲ್ಲಿ ಬದಲಾಯಿತು, ಯಾವುದರಲ್ಲಿ ಆಗಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

2. ಪರಿಶೀಲನೆಗೆ ಒಂದು ಮಾದರಿ

ಕೆಳಗಿನ ಐದು ವಾಕ್ಯಗಳನ್ನು ಈ ಪ್ರಕಾರದ ರೂಢಿಯ ರಚನೆಗಳನ್ನು ಅನುಸರಿಸಿ ನಾವೇ ಜೋಡಿಸಿದ್ದೇವೆ. ಇವು ಯಾವುದೇ ಒಂದು ಕಂಪನಿಯ ಪ್ರಕಟಣೆಯಿಂದ ಎತ್ತಿಕೊಂಡವಲ್ಲ. ಅಂಕಿಗಳೂ ವಿವರಣೆಗಾಗಿ ಇಟ್ಟುಕೊಂಡವು.

(1) ‘ಕ’ ಕಂಪನಿಯು ಜಿಲ್ಲೆಯ ಕೈಗಾರಿಕಾ ಪ್ರದೇಶದಲ್ಲಿ ತನ್ನ ನೂತನ ಬಿಡಿಭಾಗ ತಯಾರಿಕಾ ಘಟಕವನ್ನು ಲೋಕಾರ್ಪಣೆಗೊಳಿಸಿರುವುದಾಗಿ ಇಂದು ಪ್ರಕಟಿಸಿದೆ.

(2) ಒಟ್ಟು 400 ಕೋಟಿ ರೂಪಾಯಿ ಹೂಡಿಕೆಯ ಈ ಘಟಕವು ವರ್ಷಕ್ಕೆ 6 ಲಕ್ಷ ಬಿಡಿಭಾಗಗಳನ್ನು ತಯಾರಿಸುವ ಸಾಮರ್ಥ್ಯ ಹೊಂದಿದೆ.

(3) ಇದರಿಂದ ನೇರವಾಗಿ ಹಾಗೂ ಪರೋಕ್ಷವಾಗಿ 2,000 ಉದ್ಯೋಗಗಳು ಸೃಷ್ಟಿಯಾಗಲಿವೆ.

(4) ನೇಮಕಾತಿಯಲ್ಲಿ ಸ್ಥಳೀಯರಿಗೆ ಆದ್ಯತೆ ನೀಡಲಾಗುವುದು.

(5) “ನಮ್ಮ ಯುವಜನರ ಕೌಶಲಕ್ಕೆ ಈ ನೆಲದಲ್ಲೇ ಅವಕಾಶ ಕಲ್ಪಿಸುವ ನಮ್ಮ ಬದ್ಧತೆಗೆ ಈ ಘಟಕವೇ ಸಾಕ್ಷಿ” ಎಂದು ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ಹೇಳಿದರು.

ಇಂತಹ ಪಠ್ಯ ಸಾಮಾನ್ಯವಾಗಿ ಮೊದಲು ಇಂಗ್ಲಿಷಿನಲ್ಲಿ ರೂಪುಗೊಂಡು, ಅನಂತರ ಕನ್ನಡಕ್ಕೆ ಬಂದು, ಉದ್ಘಾಟನೆಯ ಚಿತ್ರದೊಂದಿಗೆ ಪತ್ರಿಕಾಲಯವನ್ನು ಸೇರುತ್ತದೆ. ಐದು ವಾಕ್ಯಗಳ ಕೊನೆಯನ್ನು ಮಾತ್ರ ಒಂದರ ಕೆಳಗೊಂದು ಬರೆದು ನೋಡಿದರೆ ನಮ್ಮ ವಾದದ ಹೊರರೇಖೆ ಕಾಣುತ್ತದೆ: ಪ್ರಕಟಿಸಿದೆ, ಹೊಂದಿದೆ, ಸೃಷ್ಟಿಯಾಗಲಿವೆ, ನೀಡಲಾಗುವುದು, ಹೇಳಿದರು. ಇವುಗಳಲ್ಲಿ ಕಂಪನಿಯೇ ಕರ್ತೃವಾಗಿ ನಿಂತಿರುವುದು ‘ಪ್ರಕಟಿಸಿದೆ’ ಎಂಬಲ್ಲಿ ಮಾತ್ರ. ‘ಹೇಳಿದರು’ ಎಂಬುದರ ಕರ್ತೃವೂ ವ್ಯಕ್ತಿಯೇ. ಎಂದರೆ, ಹೇಳುವ ಕ್ರಿಯೆಗಳಿಗೆ ಕರ್ತೃವಿದ್ದಾರೆ. ಮಾಡುವ ಕ್ರಿಯೆಗಳಿಗೆ ಇಲ್ಲ.

3. ಪುರುಷವನ್ನು ಅಳಿಸುವ ‘-ಉದಾಗಿ’

ವಾಕ್ಯ (1)ರಲ್ಲಿ ‘ಲೋಕಾರ್ಪಣೆಗೊಳಿಸಿರುವುದಾಗಿ’ ಎಂಬ ರೂಪವನ್ನು ಗಮನಿಸಬೇಕು. ಕನ್ನಡದಲ್ಲಿ ಒಬ್ಬರ ಮಾತನ್ನು ವರದಿ ಮಾಡಲು ಎರಡು ಮುಖ್ಯ ಮಾರ್ಗಗಳಿವೆ. ‘ಎಂದು’ ಬಳಸಿದರೆ ಒಳವಾಕ್ಯದ ಕ್ರಿಯಾಪದ ಪೂರ್ಣರೂಪದಲ್ಲಿ ಉಳಿಯುತ್ತದೆ: ‘ಘಟಕ ಆರಂಭಿಸಿದ್ದೇವೆ ಎಂದು ಪ್ರಕಟಿಸಿದೆ’ ಅಥವಾ ‘ಆರಂಭಿಸಿದೆ ಎಂದು ಪ್ರಕಟಿಸಿದೆ’. ಯಾವುದನ್ನು ಆರಿಸಿದರೂ ಪುರುಷವನ್ನು ತೋರಿಸಲೇಬೇಕು. ‘-ಉದಾಗಿ’ ಬಳಸಿದರೆ ಒಳಗಿನ ಕ್ರಿಯಾಪದ ಕೃದಂತ ನಾಮವಾಗುತ್ತದೆ, ಅದಕ್ಕೆ ಪುರುಷವಿಲ್ಲ. ‘ಆರಂಭಿಸಿರುವುದಾಗಿ’ ಎಂಬುದು ‘ನಾನು’, ‘ನಾವು’, ‘ಅದು’, ‘ಅವರು’ ಎಲ್ಲಕ್ಕೂ ಒಂದೇ.

ಜೇಕಬ್ಸ್ ವಿವರಿಸುವ ಸ್ವನಾಮೋಲ್ಲೇಖದ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ಈ ಪ್ರತ್ಯಯವೇ ಮಾಡುತ್ತದೆ. ಕಂಪನಿಯ ಬಾಯಲ್ಲೂ ಪತ್ರಿಕೆಯ ಬಾಯಲ್ಲೂ ಅದು ಒಂದಕ್ಷರವೂ ಬದಲಾಗದೆ ಹೊಂದಿಕೊಳ್ಳುತ್ತದೆ. ಆತುರದ ಅನುವಾದದಲ್ಲಿ ಈ ಹೊಂದಾಣಿಕೆ ತಪ್ಪಿದಾಗ ‘ಕಂಪನಿಯು ಹೊಸ ಘಟಕವನ್ನು ಆರಂಭಿಸಿದ್ದೇವೆ’ ಎಂಬಂತಹ ವಾಕ್ಯ ಹುಟ್ಟುತ್ತದೆ: ಕರ್ತೃಪದ ಪ್ರಥಮ ಪುರುಷ, ಕ್ರಿಯಾಪದ ಉತ್ತಮ ಪುರುಷ. ಇದನ್ನು ಬರಿಯ ವ್ಯಾಕರಣದೋಷವೆಂದು ಬದಿಗಿಡಲಾಗದು. ಮಾತನಾಡುತ್ತಿರುವವರು ಯಾರೆಂಬುದನ್ನು ನಾಮಪದ ಮುಚ್ಚಿಟ್ಟಿತು, ಕ್ರಿಯಾಪದ ಹೇಳಿಬಿಟ್ಟಿತು.

‘ಲೋಕಾರ್ಪಣೆ’ ಎಂಬ ಪದದ ಬಗೆಗೂ ಒಂದು ಮಾತು. ಅರ್ಪಿಸುವುದೆಂದರೆ ಕೊಡುವವನು ತನ್ನ ಸ್ವತ್ತಿನ ಹಕ್ಕನ್ನು ಬಿಟ್ಟುಕೊಡುವುದು. ಸೇತುವೆಗೆ, ಆಸ್ಪತ್ರೆಗೆ, ಪುಸ್ತಕಕ್ಕೆ ಈ ಮಾತು ಒಪ್ಪುತ್ತದೆ. ಗೇಟಿನಲ್ಲಿ ಕಾವಲಿರುವ ಖಾಸಗಿ ಕಾರ್ಖಾನೆ ಯಾರಿಗೂ ಅರ್ಪಿತವಾಗುವುದಿಲ್ಲ. ಇಲ್ಲಿ ಪದದ ಅರ್ಥ ಅಷ್ಟು ಸವೆದಿಲ್ಲ. ಕೊಡುಗೆಯ ಛಾಯೆ ಇನ್ನೂ ಉಳಿದಿರುವುದರಿಂದಲೇ ಅದು ಬಳಕೆಯಾಗುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಈ ಪದ ಒಂದು ಪರಿಶೀಲನಯೋಗ್ಯ ಸಂಗತಿಯ ಸ್ಥಾನವನ್ನು ಆಕ್ರಮಿಸುತ್ತದೆ: ವಾಣಿಜ್ಯ ಉತ್ಪಾದನೆ ಆರಂಭವಾದ ದಿನಾಂಕ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೆ ಅನ್ವಯಿಸುವ ಸೆಬಿಯ 2015ರ ನಿಯಮಾವಳಿಯು ಬಹಿರಂಗಪಡಿಸಬೇಕಾದ ಸಂಗತಿಗಳ ಪಟ್ಟಿಯಲ್ಲಿ ವಾಣಿಜ್ಯ ಉತ್ಪಾದನೆಯ ಆರಂಭವನ್ನೂ ಆ ದಿನಾಂಕದ ಮುಂದೂಡಿಕೆಯನ್ನೂ ಹೆಸರಿಸುತ್ತದೆ. ಉದ್ಘಾಟನೆ ಎಂಬುದು ಆ ಪಟ್ಟಿಯ ಪದವಲ್ಲ. ರಿಬ್ಬನ್ ಕತ್ತರಿಸಿದ ದಿನ ಒಳಗೆ ಪ್ರಾಯೋಗಿಕ ಉತ್ಪಾದನೆ ಮಾತ್ರ ನಡೆಯುತ್ತಿರಬಹುದು. ವಾಕ್ಯ (2)ರ ‘ಸಾಮರ್ಥ್ಯ ಹೊಂದಿದೆ’ ಎಂಬುದು ಆಗಲೂ ಸುಳ್ಳಾಗುವುದಿಲ್ಲ, ಏಕೆಂದರೆ ಅದು ಸ್ಥಾಪಿತ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು ಉತ್ಪಾದನೆಯನ್ನಲ್ಲ. ವರ್ತಮಾನದ ರೂಪ ಇಲ್ಲಿದೆ. ವರ್ತಮಾನದ ಕ್ರಿಯೆ ಇಲ್ಲ.

4. ‘ಹೇಳಿದರು’ ಮತ್ತು ‘ತಿಳಿಸಿದ್ದಾರೆ’

ವಾಕ್ಯ (5) ಬರೆದಾಗ ಆ ಮಾತನ್ನು ಯಾರೂ ಆಡಿರುವುದಿಲ್ಲ. ಪ್ರಕಟಣೆ ಸಮಾರಂಭಕ್ಕೆ ಮೊದಲೇ ಸಿದ್ಧವಾಗುತ್ತದೆ. ಉದ್ಧರಣೆಯನ್ನು ಸಂಪರ್ಕ ವಿಭಾಗದವರು ಬರೆದು ನಿರ್ದೇಶಕರ ಒಪ್ಪಿಗೆ ಪಡೆಯುತ್ತಾರೆ. ಇರ್ವಿಂಗ್ ಗಾಫ್‌ಮನ್ ಮಾತಿನ ಹಿಂದಿನ ಪಾತ್ರಗಳನ್ನು ಮೂರಾಗಿ ಬಿಡಿಸಿದ್ದರು: ದನಿಯಾಗುವವನು, ಪದಗಳನ್ನು ಆರಿಸಿದವನು, ಆ ಮಾತಿಗೆ ಹೊಣೆಯಾಗುವವನು. ಇಲ್ಲಿ ನಿರ್ದೇಶಕರು ಹೊಣೆಗಾರರು, ಪದಗಳು ಬೇರೆಯವರವು, ದನಿಯಾಗಬೇಕಾದವರು ಪತ್ರಿಕೆ. ಈ ಹಂಚಿಕೆ ಎಲ್ಲ ಭಾಷೆಗಳ ಪ್ರಕಟಣೆಗೂ ಸಾಮಾನ್ಯ. ಕನ್ನಡದಲ್ಲಿ ವಿಶೇಷವಾದುದು ಕಾಲರೂಪದ ಆಯ್ಕೆ.

‘ಹೇಳಿದರು’ ಎಂಬ ಸರಳ ಭೂತವು ಒಂದು ಕಾಲ, ಒಂದು ಸ್ಥಳದಲ್ಲಿ ನಡೆದ ಘಟನೆಯನ್ನು ಕಥನಕ್ಕೆ ತರುತ್ತದೆ. ಕೇಳಿಸಿಕೊಂಡವರಿದ್ದರೆಂಬ ಸೂಚನೆ ಅದರಲ್ಲಿದೆ. ‘ಹೇಳಿದ್ದಾರೆ’ ಎಂಬುದು ಹೇಳಿಕೆ ಈಗ ನಮ್ಮೆದುರು ಇದೆ ಎಂಬುದನ್ನಷ್ಟೇ ತಿಳಿಸುತ್ತದೆ. ಅದು ಬರಹದ ಮೂಲಕ ಬಂದಿದ್ದರೂ ಆಯಿತು. ‘ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂಬ ರೂಢಿಯ ನುಡಿಗಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂಲವನ್ನೇ ಹೆಸರಿಸುತ್ತದೆ. ಕನ್ನಡ ಪತ್ರಿಕೋದ್ಯಮ ಬಹುಕಾಲದಿಂದ ಕಾಪಾಡಿಕೊಂಡು ಬಂದಿರುವ ಪ್ರಾಮಾಣಿಕತೆಯ ಪುಟ್ಟ ಗುರುತು ಇದು. ‘ತಿಳಿಸಿದ್ದಾರೆ’ ಎಂದು ಓದಿದವನಿಗೆ ವರದಿಗಾರ ಅಲ್ಲಿರಲಿಲ್ಲವೆಂದು ಅರ್ಥವಾಗುತ್ತದೆ. ಪ್ರಕಟಣೆಯು ತಾನೇ ‘ಹೇಳಿದರು’ ಎಂದು ಬರೆದು ಕಳುಹಿಸಿದಾಗ, ತಿದ್ದದೆ ಅಚ್ಚಾದ ಪಕ್ಷದಲ್ಲಿ, ಆ ಗುರುತು ಅಳಿಸಿಹೋಗುತ್ತದೆ. ನಡೆಯದ ಮಾತಿಗೆ ಸಾಕ್ಷಿಯೊಬ್ಬ ಹುಟ್ಟಿಕೊಳ್ಳುತ್ತಾನೆ.

ಉದ್ಧರಣೆಯ ಒಳಗೆ ‘ನಮ್ಮ’ ಎರಡು ಬಾರಿ ಬಂದಿದೆ. ‘ನಮ್ಮ ಬದ್ಧತೆ’ಯಲ್ಲಿ ಅದು ಕಂಪನಿ, ಓದುಗ ಅದರ ಹೊರಗಿದ್ದಾನೆ. ‘ನಮ್ಮ ಯುವಜನರು’ ಎಂಬಲ್ಲಿ ಅದು ಓದುಗನನ್ನೂ ಒಳಗೊಂಡ ನಾಡು. ಇಂದಿನ ಕನ್ನಡದ ‘ನಾವು’ ಕೇಳುಗನನ್ನು ಸೇರಿಸುವ ಮತ್ತು ಬಿಡುವ ಅರ್ಥಗಳನ್ನು ರೂಪದಲ್ಲಿ ಬೇರ್ಪಡಿಸುವುದಿಲ್ಲ. ತುಳುವಿನಲ್ಲಿ ಕೇಳುಗನನ್ನು ಸೇರಿಸಿದರೆ ‘ನಮ’, ಬಿಟ್ಟರೆ ‘ಎಂಕುಳು’. ಇದೇ ಪ್ರಕಟಣೆಯನ್ನು ಮಂಗಳೂರಿನಲ್ಲಿ ತುಳುವಿಗೆ ತರಬೇಕಾದ ಅನುವಾದಕ ಎರಡು ‘ನಮ್ಮ’ಗಳಿಗೆ ಎರಡು ಪದಗಳನ್ನು ಬಳಸಲೇಬೇಕಾಗುತ್ತದೆ. ಆ ಒಂದು ಆಯ್ಕೆಯಿಂದಲೇ ವಾಕ್ಯದ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕನ್ನಡದಲ್ಲಿ ಕಂಪನಿಯಿಂದ ನಾಡಿಗೆ ಸರಿಯುವ ಈ ದಾರಿ ಓದುಗನ ಕಣ್ಣಿಗೆ ಬೀಳುವುದಿಲ್ಲ.

5. ಉದ್ಯೋಗ ‘ಆಗುವ’ ಬಗೆ

ಈಗ ಪ್ರಕಟಣೆಯ ಕೇಂದ್ರಕ್ಕೆ ಬರೋಣ. ಒಂದೇ ಸಂಗತಿಯನ್ನು ಕನ್ನಡದಲ್ಲಿ ಮೂರು ಬಗೆಯಲ್ಲಿ ಹೇಳಬಹುದು.

(6) ಕಂಪನಿಯು 2,000 ಮಂದಿಯನ್ನು ನೇಮಿಸಿಕೊಳ್ಳುತ್ತದೆ.

(7) 2,000 ಮಂದಿಯನ್ನು ನೇಮಿಸಿಕೊಳ್ಳಲಾಗುವುದು.

(8) 2,000 ಉದ್ಯೋಗಗಳು ಸೃಷ್ಟಿಯಾಗಲಿವೆ.

(6)ರಲ್ಲಿ ಕರ್ತೃವಿದೆ. (7)ರಲ್ಲಿ ಕರ್ತೃಪದ ಲೋಪವಾಗಿದೆ. ಕ್ರಿಯಾಪದ ನಪುಂಸಕ ಏಕವಚನದಲ್ಲಿ ನಿಂತಿದೆ. ಆದರೆ ‘ಮಂದಿಯನ್ನು’ ಎಂಬ ದ್ವಿತೀಯಾ ವಿಭಕ್ತಿ ಉಳಿದಿರುವುದರಿಂದ ನೇಮಿಸಿಕೊಳ್ಳುವ ಯಾರೋ ಇದ್ದಾರೆಂಬುದು ವ್ಯಾಕರಣದಲ್ಲಿಯೇ ಇದೆ. (8)ರಲ್ಲಿ ಉದ್ಯೋಗಗಳೇ ಕರ್ತೃಸ್ಥಾನಕ್ಕೆ ಬಂದಿವೆ, ‘ಇವೆ’ ಎಂಬ ಬಹುವಚನ ಅವಕ್ಕೆ ಹೊಂದಿಕೊಂಡಿದೆ. ಇವೆರಡನ್ನೂ ‘ಕರ್ಮಣಿ ಪ್ರಯೋಗ’ ಎಂಬ ಒಂದೇ ಬುಟ್ಟಿಗೆ ಹಾಕಿ, ಸರ್ಕಾರಿ ಭಾಷೆಯ ದೋಷವೆಂದು ಒಟ್ಟಾಗಿ ಟೀಕಿಸುವುದುಂಟು. ಅದು ಸರಿಯಲ್ಲವೆಂದು ತೋರಿಸಲು ಸುಲಭವಾದ ಒಂದು ಪರೀಕ್ಷೆ ಇದೆ.

ಭೂತಕೃದಂತ ಅವ್ಯಯವನ್ನು ಸೇರಿಸಿ ನೋಡಬಹುದು. ‘ಸಂದರ್ಶನ ನಡೆಸಿ 2,000 ಮಂದಿಯನ್ನು ನೇಮಿಸಿಕೊಳ್ಳಲಾಗುವುದು’ ಎಂಬುದು ಸಹಜ ವಾಕ್ಯ. ಸಂದರ್ಶನ ನಡೆಸುವವರೂ ನೇಮಿಸಿಕೊಳ್ಳುವವರೂ ಒಬ್ಬರೇ, ಅವರು ವಾಕ್ಯದಲ್ಲಿ ಕಾಣದಿದ್ದರೂ ಅವ್ಯಯಕ್ಕೆ ಆಸರೆಯಾಗಿದ್ದಾರೆ. ‘ಸಂದರ್ಶನ ನಡೆಸಿ 2,000 ಉದ್ಯೋಗಗಳು ಸೃಷ್ಟಿಯಾಗಲಿವೆ’ ಎಂಬುದು ಕಿವಿಗೆ ಒಗ್ಗುವುದಿಲ್ಲ. ಸಂದರ್ಶನ ನಡೆಸಲು ಅಲ್ಲಿ ಯಾರೂ ಇಲ್ಲ. ಹಾಗೆಂದು (8)ರ ಹಿಂದೆ ಯಾವ ಅವ್ಯಯವೂ ಬರದೆಂದಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎಂಬಂತೆ, ಎರಡೂ ಕ್ರಿಯೆಗಳು ಇಚ್ಛೆಗೆ ಒಳಪಡದ ಘಟನೆಗಳಾದಾಗ ಕರ್ತೃ ಬೇರೆಯಾದರೂ ಕನ್ನಡ ಒಪ್ಪುತ್ತದೆ. ‘ಕಾರ್ಖಾನೆ ಬಂದು ಉದ್ಯೋಗಗಳು ಸೃಷ್ಟಿಯಾಗಲಿವೆ’ ಎಂದರೆ ಯಾವ ತೊಡಕೂ ಇಲ್ಲ. ಎಂದರೆ (8)ರ ವ್ಯಾಕರಣ ಉದ್ಯೋಗವನ್ನು ಮಳೆ-ಕೆರೆಗಳ ಸಾಲಿನಲ್ಲಿ ನಿಲ್ಲಿಸಿದೆ. ನೇಮಕಾತಿಯೊಂದು ನಿರ್ಧಾರ, ಇಲ್ಲಿ ಅದು ಹವಾಮಾನವಾಗಿದೆ.

ಇದರೊಡನೆ ‘-ಅಲಿವೆ’ ಪ್ರತ್ಯಯವನ್ನೂ ನೋಡಬೇಕು. ‘ನಾಳೆ ಮುಖ್ಯಮಂತ್ರಿಗಳು ಬರಲಿದ್ದಾರೆ’ ಎಂಬಲ್ಲಿ ಕಾರ್ಯಕ್ರಮ ಗೊತ್ತಾಗಿದೆ, ಇನ್ನು ನಡೆಯುವುದಷ್ಟೇ ಬಾಕಿ ಎಂಬ ಭಾವವಿದೆ. ಸಾಧ್ಯತೆಯನ್ನಷ್ಟೇ ಹೇಳಬೇಕಾದಾಗ ಕನ್ನಡಕ್ಕೆ ಸಂಭಾವನಾರ್ಥಕ ರೂಪವೇ ಇದೆ: ಬಂದಾರು, ಆದಾವು. ಇಂಗ್ಲಿಷ್ ಮೂಲದಲ್ಲಿ ‘ನಿರೀಕ್ಷೆಯಿದೆ’ ಎಂಬರ್ಥದ ಮಾತಿದ್ದರೂ ಕನ್ನಡದ ಪ್ರಕಟಣೆ ‘ಸೃಷ್ಟಿಯಾದಾವು’ ಎನ್ನುವುದಿಲ್ಲ. ಆ ರೂಪ ಇಂದಿನ ವಾರ್ತಾ ಗದ್ಯದಲ್ಲಿ ಆಡುಮಾತಿನಂತೆ ಅಥವಾ ಹಳತೆಂಬಂತೆ ಕೇಳಿಸುತ್ತದೆ, ಮತ್ತು ಅದರಲ್ಲಿ ಸಂದೇಹ ಎದ್ದು ಕಾಣುತ್ತದೆ. ಹೀಗೆ (8)ರಲ್ಲಿ ಎರಡು ಸಂಗತಿಗಳು ಕೂಡಿವೆ: ಮಾಡುವವರು ಯಾರೂ ಇಲ್ಲ, ಆದರೆ ಆಗುವುದು ಖಚಿತ. ಭರವಸೆಯ ಬಲ ಪೂರ್ತಿಯಾಗಿದೆ; ಭರವಸೆ ಕೊಟ್ಟವರು ಮಾತ್ರ ಇಲ್ಲ.

ವಾಕ್ಯ (4) ಇದಕ್ಕಿಂತ ಒಂದು ಪಾಲು ಮೇಲು. ‘ನೀಡಲಾಗುವುದು’ ಎಂಬಲ್ಲಿ ಕರ್ತೃ ಅಡಗಿದ್ದಾನೆಯೇ ಹೊರತು ಇಲ್ಲವಾಗಿಲ್ಲ, ‘ಯಾರು ನೀಡುತ್ತಾರೆ?’ ಎಂದು ಕೇಳಲು ವಾಕ್ಯವೇ ಎಡೆಗೊಡುತ್ತದೆ. ಅಲ್ಲಿನ ಸಡಿಲು ಬೇರೆಡೆ ಇದೆ. ‘ಸ್ಥಳೀಯರು’ ಎಂದರೆ ಭೂಮಿ ಕೊಟ್ಟ ಹಳ್ಳಿಯವರೇ, ತಾಲ್ಲೂಕಿನವರೇ, ರಾಜ್ಯದವರೇ? ಕೈಗಾರಿಕಾ ಪ್ರದೇಶಕ್ಕೆ ಜಮೀನು ಬಿಟ್ಟುಕೊಟ್ಟ ಕುಟುಂಬ ಈ ಪದವನ್ನು ತನ್ನ ಹೆಸರೆಂದೇ ಓದುತ್ತದೆ. ಇಡೀ ರಾಜ್ಯ ಎಂಬ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಂಪನಿ ಆ ಕುಟುಂಬದಿಂದ ಒಬ್ಬರನ್ನೂ ತೆಗೆದುಕೊಳ್ಳದೆ ಮಾತು ಉಳಿಸಿಕೊಳ್ಳಬಹುದು.

6. ವಾಕ್ಯದಿಂದ ತಲೆಬರಹಕ್ಕೆ

ಪ್ರಕಟಣೆಯ ಪಯಣ ವಾಕ್ಯದಲ್ಲಿ ಮುಗಿಯುವುದಿಲ್ಲ. ಕನ್ನಡದ ತಲೆಬರಹ ಸಾಮಾನ್ಯವಾಗಿ ಕ್ರಿಯಾಪದವನ್ನು ಬಿಟ್ಟು ನಾಮಪದದಲ್ಲಿ ನಿಲ್ಲುತ್ತದೆ. ಸಂದೇಹವನ್ನೂ ಕಾಲವನ್ನೂ ಹೊರುವುದು ಕ್ರಿಯಾಪದವಾದುದರಿಂದ, ಅದು ಹೋದಾಗ ಅವೆರಡೂ ಹೋಗುತ್ತವೆ. ‘2,000 ಉದ್ಯೋಗಗಳು ಸೃಷ್ಟಿಯಾಗುವ ನಿರೀಕ್ಷೆಯಿದೆ’ ಎಂಬ ಎಚ್ಚರದ ವಾಕ್ಯವೂ ‘2,000 ಉದ್ಯೋಗಗಳು ಸೃಷ್ಟಿಯಾಗಲಿವೆ’ ಎಂಬ ದಿಟ್ಟ ವಾಕ್ಯವೂ ತಲೆಬರಹದಲ್ಲಿ ‘2,000 ಉದ್ಯೋಗ ಸೃಷ್ಟಿ’ ಎಂದೇ ಆಗುತ್ತವೆ. ‘ಸೃಷ್ಟಿ’ಗೆ ಕಾಲವಿಲ್ಲ. ಆಗಿದೆಯೋ ಆಗಲಿದೆಯೋ ಎಂಬುದನ್ನು ಓದುಗ ತುಂಬಿಕೊಳ್ಳಬೇಕು. ಪಕ್ಕದಲ್ಲಿ ರಿಬ್ಬನ್ ಕತ್ತರಿಸುವ ಚಿತ್ರವಿದ್ದರೆ ‘ಆಗಿದೆ’ ಎಂದು ತುಂಬಿಕೊಳ್ಳುವುದೇ ಸಹಜ.

ಮಿತಿಸೂಚಕಗಳು ಹೀಗೆ ಕಳಚಿಕೊಳ್ಳುವುದು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯನ್ನು 2017ರ ಜುಲೈನಲ್ಲಿ ಘೋಷಿಸಿದಾಗ 1,000 ಕೋಟಿ ಡಾಲರ್ ಹೂಡಿಕೆ, 3,000 ಉದ್ಯೋಗ, ಅದು 13,000ದ ವರೆಗೆ ಏರಬಹುದಾದ ಸಾಧ್ಯತೆ ಎಂಬ ಮಾತು ಬಂದಿತ್ತು. ಸಾರ್ವಜನಿಕ ಚರ್ಚೆಯಲ್ಲಿ ಉಳಿದುಕೊಂಡ ಸಂಖ್ಯೆ 13,000. 2021ರ ಏಪ್ರಿಲ್‌ನಲ್ಲಿ ರಾಜ್ಯದೊಂದಿಗಿನ ಒಪ್ಪಂದ ಪರಿಷ್ಕೃತವಾದಾಗ ಹೂಡಿಕೆಯ ಗುರಿ 67.2 ಕೋಟಿ ಡಾಲರ್, ಉದ್ಯೋಗದ ಗುರಿ 1,454. ಈ ಅಂತರಕ್ಕೆ ಕಾರಣ ವ್ಯಾಕರಣವಲ್ಲ. ಆದರೆ ‘ವರೆಗೆ’ ಮತ್ತು ‘ಸಾಧ್ಯತೆ’ ಎಂಬೆರಡು ಪದಗಳು ದಾರಿಯಲ್ಲಿ ಕಳಚಿಹೋಗದಿದ್ದರೆ ಜನ ಯಾವ ಸಂಖ್ಯೆಯನ್ನು ಭರವಸೆಯೆಂದು ನೆನಪಿಟ್ಟುಕೊಳ್ಳುತ್ತಿದ್ದರೆಂಬುದು ಭಾಷಾಶಾಸ್ತ್ರದ ಪ್ರಶ್ನೆಯೇ. ಕನ್ನಡದ ವ್ಯತ್ಯಾಸವೆಂದರೆ, ಇಲ್ಲಿ ಅಂತಹ ಪದಗಳಲ್ಲಿ ಬಹುಪಾಲು ವಾಕ್ಯದ ಕೊನೆಯಲ್ಲಿರುತ್ತವೆ. ಮೊದಲು ಕತ್ತರಿಗೆ ಸಿಗುವುದೂ ಕೊನೆಯೇ.

ಇಂಗ್ಲಿಷ್ ಪ್ರಕಟಣೆಗಳ ತುದಿಯಲ್ಲಿ, ಮುಂದಿನ ದಿನಗಳ ಬಗೆಗಿನ ಹೇಳಿಕೆಗಳು ನಿಜವಾಗದೆಯೂ ಹೋಗಬಹುದೆಂಬ ಎಚ್ಚರಿಕೆಯ ಕಂಡಿಕೆಯೊಂದು ಇರುವುದುಂಟು. ಅದು ಹೂಡಿಕೆದಾರನನ್ನು ಉದ್ದೇಶಿಸಿದ್ದು. ಎರಡು ಭಾಷೆಗಳ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಸಂಶೋಧಕರು ಮೊದಲು ಹುಡುಕಬೇಕಾದುದು ಆ ಕಂಡಿಕೆ ಕನ್ನಡಕ್ಕೆ ಬಂದಿದೆಯೇ ಎಂಬುದನ್ನು. ಬಂದಿಲ್ಲವಾದರೆ, ಒಂದೇ ಭವಿಷ್ಯವನ್ನು ಹಣ ಹಾಕುವವನಿಗೆ ಅನಿಶ್ಚಿತವೆಂದೂ ಕೆಲಸ ಹುಡುಕುವವನಿಗೆ ನಿಶ್ಚಿತವೆಂದೂ ಹೇಳಿದಂತಾಯಿತು.

7. ವಾದದ ಮಿತಿ ಮತ್ತು ಮುಂದಿನ ಕೆಲಸ

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ‘-ಅಲಾಗುವುದು’, ‘ಆಗಲಿವೆ’ ಎಂಬ ರೂಪಗಳು ಔಪಚಾರಿಕ ಕನ್ನಡದ ಸಾಮಾನ್ಯ ಸ್ವತ್ತು. ರೈಲು ನಿಲ್ದಾಣದ ಸೂಚನೆಯಲ್ಲೂ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೂ ಅವು ಇವೆ. ಅವನ್ನು ಬಳಸಿದವರೆಲ್ಲ ಹೊಣೆ ತಪ್ಪಿಸಿಕೊಳ್ಳುತ್ತಿದ್ದಾರೆ ಎನ್ನಲಾಗದು. ಇದು ನಿಜ. ಕ್ರಿಯಾಪದದ ರೂಪದಿಂದ ಬರೆದವರ ಮನಸ್ಸನ್ನು ನಾವು ಊಹಿಸುತ್ತಿಲ್ಲ. ವಾಕ್ಯ ಯಾರನ್ನು ಹೊಣೆಗಾರರನ್ನಾಗಿ ಕಟ್ಟುತ್ತದೆ ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಬರೆದವರ ಉದ್ದೇಶವನ್ನು ಅವಲಂಬಿಸಿಲ್ಲ. ಎರಡನೆಯ ಆಕ್ಷೇಪ, ಓದುಗರು ಇಷ್ಟು ಮುಗ್ಧರಲ್ಲ, ಪ್ರಕಟಣೆಯ ಭಾಷೆಯನ್ನು ಅವರು ತಕ್ಕ ರಿಯಾಯಿತಿಯೊಂದಿಗೇ ಓದುತ್ತಾರೆ ಎಂಬುದು. ಇರಬಹುದು. (6), (7), (8)ನ್ನು ಬೇರೆ ಬೇರೆ ಓದುಗರ ಮುಂದಿಟ್ಟು, ‘ಕೆಲಸ ಸಿಗದಿದ್ದರೆ ಯಾರನ್ನು ಕೇಳುವಿರಿ?’ ಎಂದು ವಿಚಾರಿಸಿ ಇದನ್ನು ಪರೀಕ್ಷಿಸಬಹುದು. ವಿಶ್ಲೇಷಣೆ ಅಂತಹ ಪ್ರಯೋಗದ ಸ್ಥಾನವನ್ನು ತುಂಬಲಾರದು.

ಪಠ್ಯಗಳ ಮೇಲೆಯೇ ಮಾಡಬಹುದಾದ ಕೆಲಸವೂ ಇದೆ. ಒಂದೇ ಕಾರ್ಖಾನೆಯ ಹೂಡಿಕೆ ಘೋಷಣೆಯನ್ನೂ ಆರಂಭದ ಪ್ರಕಟಣೆಯನ್ನೂ ಜೋಡಿಯಾಗಿ ಸಂಗ್ರಹಿಸಿ, ಉದ್ಯೋಗವನ್ನು ಹೇಳುವ ವಾಕ್ಯದ ಕೊನೆಯನ್ನು ಹೋಲಿಸಬೇಕು. ‘ಸೃಷ್ಟಿಯಾಗಲಿವೆ’ ಎಂಬುದು ‘ಕೆಲಸ ಮಾಡುತ್ತಿದ್ದಾರೆ’ ಎಂದು ಬದಲಾಗಿದ್ದರೆ ಭರವಸೆ ಸಂಗತಿಯಾಗಿದೆ. ಸಂಖ್ಯೆಯೂ ಪ್ರತ್ಯಯವೂ ಹಾಗೆಯೇ ಉಳಿದಿದ್ದರೆ, ಹೂಡಿಕೆ ಘೋಷಣೆಯ ವಾಕ್ಯವೇ ಆರಂಭದ ದಿನಕ್ಕೆ ನಕಲಾಗಿದೆ ಎಂದು ಶಂಕಿಸಲು ಆಧಾರವಿದೆ. ಇಲ್ಲಿ ಎಣಿಸಬೇಕಾದುದು ‘ವಿಶ್ವದರ್ಜೆಯ’, ‘ಅತ್ಯಾಧುನಿಕ’ ಎಂಬಂತಹ ವಿಶೇಷಣಗಳನ್ನಲ್ಲ. ಅವುಗಳನ್ನು ಉಪಸಂಪಾದಕರು ಸುಲಭವಾಗಿ ಗುರುತಿಸಿ ತೆಗೆಯಬಲ್ಲರು. ತಿದ್ದುಗಣ್ಣಿಗೆ ಬೀಳದೆ ದಾಟಿಹೋಗುವುದು ಕ್ರಿಯಾಪದ.

ನಮ್ಮ ಮಾದರಿಯ ವಾಕ್ಯ (3)ನ್ನು ಆರಂಭದ ದಿನಕ್ಕೆ ತಕ್ಕಂತೆ ಬರೆದರೆ ಹೀಗಿರಬಹುದು.

(9) ಈ ದಿನ ಘಟಕದಲ್ಲಿ 310 ಮಂದಿ ಕೆಲಸ ಮಾಡುತ್ತಿದ್ದಾರೆ. ಅವರಲ್ಲಿ 120 ಮಂದಿ ಕಂಪನಿಯ ವೇತನಪಟ್ಟಿಯಲ್ಲಿದ್ದಾರೆ. ಉಳಿದವರನ್ನು ಗುತ್ತಿಗೆದಾರರು ನೇಮಿಸಿದ್ದಾರೆ. ಎರಡನೆಯ ಹಂತ ಪೂರ್ಣಗೊಂಡರೆ ಇನ್ನೂ 400 ಮಂದಿಯನ್ನು ಕಂಪನಿಯು ನೇಮಿಸಿಕೊಳ್ಳುತ್ತದೆ.

ಈ ಅಂಕಿಗಳೂ ಕಲ್ಪಿತವೇ. ಗಮನಿಸಬೇಕಾದುದು, ಇಲ್ಲಿನ ಪ್ರತಿ ಕ್ರಿಯಾಪದಕ್ಕೂ ಒಂದು ಕರ್ತೃಪದ ದೊರೆತಿದೆ. ‘ಪೂರ್ಣಗೊಂಡರೆ’ ಎಂಬ ಷರತ್ತು ತನ್ನ ಜಾಗದಲ್ಲಿದೆ. ‘ನೇರ ಹಾಗೂ ಪರೋಕ್ಷ’ ಎಂಬ ಜೋಡಿಪದ ಬಿಡಿಸಿಕೊಂಡು, ಎಣಿಸಬಹುದಾದ ಜನರನ್ನು ಮಾತ್ರ ಉಳಿಸಿದೆ. ಕನ್ನಡಕ್ಕೆ ಇದು ಕಷ್ಟದ ವಾಕ್ಯವಲ್ಲ. ಅನುವಾದದ ಜಾಡು ಕೂಡ ಇದರಲ್ಲಿಲ್ಲ. ಆದರೆ ಇದನ್ನು ಬರೆಯಬೇಕಾದರೆ ಮೊದಲು ಲೆಕ್ಕ ಗೊತ್ತಿರಬೇಕು. (3)ನ್ನು ಬರೆಯಲು ಅದರ ಅಗತ್ಯವಿಲ್ಲ.

ಪ್ರಕಟಣೆ ಕೈಗೆ ಬಂದ ಸ್ಥಳೀಯ ವರದಿಗಾರನಿಗೆ ಸಮಯ ಕಡಿಮೆ; ಎಲ್ಲ ಅಂಕಿಗಳನ್ನು ಅವನು ಪರಿಶೀಲಿಸಲಾರ. ‘ಆಗಲಿವೆ’ ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆದು, ‘ಇದನ್ನು ಯಾರು ಮಾಡುತ್ತಾರೆ, ಈ ಹೊತ್ತಿಗೆ ಎಷ್ಟು ಆಗಿದೆ?’ ಎಂದು ಕಂಪನಿಗೆ ಒಂದು ಕರೆ ಮಾಡಬಲ್ಲ. ಉತ್ತರ ದೊರೆತರೆ ವಾಕ್ಯಕ್ಕೆ ಕರ್ತೃ ದೊರೆಯುತ್ತದೆ. ದೊರೆಯದಿದ್ದರೆ, ‘ಹೇಳಿದರು’ ಎಂಬುದನ್ನು ‘ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂದು ತಿದ್ದಿಯಾದರೂ ಆ ಮಾತನ್ನು ಅದರ ಒಡೆಯರಿಗೆ ಹಿಂದಿರುಗಿಸಬಹುದು.